ಹತ್ತು ವಿಕೆಟ್‌ಗೆ ಐದು ನಿಮಿಷ

1999ರ ಫೆಬ್ರುವರಿ 7ರಂದು ದೆಹಲಿಯ ಫಿರೋಜ್ ಶಾ ಕೋಟ್ಲಾ ಮೈದಾನದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತ ಇನಿಂಗ್ಸ್ 60.3 ಓವರ್ ನಡೆಯಿತು. ಟಿ.ವಿ.ಯಲ್ಲಿ ಅದರ ಹೈಲೈಟ್ಸ್ ಹಾಕುವಾಗ ಸಿಗುವುದು ಐದು ನಿಮಿಷ, ಅಂದರೆ 300 ಸೆಕೆಂಡ್. ಇಷ್ಟರಲ್ಲಿ ಏನು ಉಳಿಯಬೇಕು, ಯಾವುದನ್ನು ಎರಡು ಸಲ ತೋರಿಸಬೇಕು, ಪರದೆಯ ಮೇಲೆ ಯಾವ ಅಂಕಿ ಯಾವ ಕ್ಷಣಕ್ಕೆ ಮೂಡಬೇಕು, ವೀಕ್ಷಕ ವಿವರಣೆಕಾರ ಎಲ್ಲಿ ಬಾಯಿ ತೆರೆಯಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನೆಲ್ಲ ಎಡಿಟಿಂಗ್‌ಗೆ ಮೊದಲೇ ಕಾಗದದ ಮೇಲೆ ಬರೆದುಕೊಳ್ಳುತ್ತಾರೆ. ಹೈಲೈಟ್ಸ್ ಸ್ಕ್ರಿಪ್ಟ್ ಎಂದರೆ ಅದೇ. ನಾವು ನೋಡುವ ತುಣುಕುಗಳ ಹಿಂದೆ ಇಂಥದೊಂದು ಬರಹ ಇರುತ್ತದೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಆ ಬರಹ ಸೋತರೆ ಪಂದ್ಯವೇ ಬೇರೆಯಾಗಿ ಕಾಣುತ್ತದೆ. ಹೇಗೆಂದು ತಿಳಿಯಲು ಕುಂಬ್ಳೆಯ ಆ ದಿನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಯಾರಿಗಾದರೂ ಈ ಕೆಲಸ ಒಪ್ಪಿಸಿದರೆ ಮೊದಲು ಹೊಳೆಯುವುದು ಸುಲಭದ ದಾರಿ: ಹತ್ತು ವಿಕೆಟ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಕೆಳಗೆ ಸಂಗೀತ ಹಾಕಿ, ಕೊನೆಗೆ ಕುಂಬ್ಳೆಯನ್ನು ಸಹ ಆಟಗಾರರು ಹೊತ್ತು ನಡೆಯುವ ದೃಶ್ಯದಿಂದ ಮುಗಿಸುವುದು. ಹೀಗೆ ಮಾಡಿದ ತುಣುಕುಗಳು ಬೇಕಾದಷ್ಟಿವೆ. ನನ್ನ ಮಟ್ಟಿಗೆ ಅವು ಆ ದಿನವನ್ನು ಹಾಳು ಮಾಡುತ್ತವೆ. ಹತ್ತು ವಿಕೆಟ್ ಮಾತ್ರ ನೋಡಿದವರಿಗೆ ಪಾಕಿಸ್ತಾನದ ಬ್ಯಾಟ್ಸ್‌ಮನ್‌ಗಳು ಬಂದಂತೆಯೇ ಹೋದರು ಅನ್ನಿಸುತ್ತದೆ. ನಡೆದದ್ದು ಹಾಗಲ್ಲ. ಗೆಲ್ಲಲು 420 ರನ್ ಬೇಕಿದ್ದ ಪಾಕಿಸ್ತಾನ ಒಂದೂ ವಿಕೆಟ್ ಕಳೆದುಕೊಳ್ಳದೆ 101 ತಲುಪಿತ್ತು. ಸಯೀದ್ ಅನ್ವರ್ ಮತ್ತು ಶಾಹಿದ್ ಅಫ್ರಿದಿ ಇಬ್ಬರೂ ನೆಲೆ ನಿಂತಿದ್ದರು. ಹಿಂದಿನ ಟೆಸ್ಟ್‌ನಲ್ಲಿ, ಚೆನ್ನೈಯಲ್ಲಿ, ಪಾಕಿಸ್ತಾನ 12 ರನ್‌ಗಳಿಂದ ಗೆದ್ದಿತ್ತು. ಕೋಟ್ಲಾದಲ್ಲಿದ್ದವರ ಎದೆಯಲ್ಲಿ ಆಗ ಇದ್ದದ್ದು ಆತಂಕ. ಆ 101 ಕಾಣದಿದ್ದರೆ ಆಮೇಲಿನ ಹತ್ತಕ್ಕೆ ಬೆಲೆಯೇ ಇಲ್ಲ.

ಆದ್ದರಿಂದ ಸ್ಕ್ರಿಪ್ಟ್ ಬರೆಯುವವರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಸ್ಕೋರ್‌ಕಾರ್ಡ್. ವಿಡಿಯೊ ಆಮೇಲೆ. ಅದರಲ್ಲೂ ವಿಕೆಟ್‌ಗಳು ಯಾವ ಮೊತ್ತಕ್ಕೆ ಬಿದ್ದವು ಎಂಬ ಸಾಲು ಮುಖ್ಯ. ಆ ಇನಿಂಗ್ಸ್‌ನ ಸಾಲು ಹೀಗಿದೆ: 101, 101, 115, 115, 127, 128, 186, 198, 198, 207. ನಿಧಾನವಾಗಿ ಓದಿದರೆ ಪಂದ್ಯದ ಏರಿಳಿತವೆಲ್ಲ ಇದರಲ್ಲಿದೆ. ಮೊದಲು ದೊಡ್ಡದೊಂದು ಏರು. ಆಮೇಲೆ 27 ರನ್‌ಗಳ ಒಳಗೆ ಆರು ವಿಕೆಟ್. ನಂತರ 128ರಿಂದ 186ರವರೆಗೆ ಸಲೀಂ ಮಲಿಕ್ ಮತ್ತು ವಾಸಿಂ ಅಕ್ರಂ ಸೇರಿ 58 ರನ್ ಕಟ್ಟಿದ ಬಿಡುವು. ಕೊನೆಗೆ 21 ರನ್‌ಗಳಲ್ಲಿ ನಾಲ್ಕು ವಿಕೆಟ್. ಈ ಸಾಲಿನಲ್ಲಿ ಎರಡು ಅಂಕಿಗಳ ನಡುವೆ ಅಂತರ ಎಲ್ಲಿ ದೊಡ್ಡದಾಗಿದೆಯೋ ಅಲ್ಲಿ ಸ್ಕ್ರಿಪ್ಟ್‌ನಲ್ಲಿ ಬ್ಯಾಟಿಂಗ್ ಇರಲೇಬೇಕು. ಎಲ್ಲಿ ಒಂದೇ ಅಂಕಿ ಎರಡು ಸಲ ಬಂದಿದೆಯೋ ಅಲ್ಲಿ ಎರಡು ವಿಕೆಟ್‌ಗಳನ್ನು ಬಿಡಿಸದೆ ಒಟ್ಟಿಗೆ ತೋರಿಸಬೇಕು.

ಇನ್ನು ಸಮಯ ಹಂಚಿಕೆ. ಕುಂಬ್ಳೆ ಓಡಿ ಬಂದು ಚೆಂಡು ಬಿಟ್ಟು, ಅದು ಬ್ಯಾಟ್‌ಗೋ ಪ್ಯಾಡ್‌ಗೋ ತಗುಲಿ, ಅಂಪೈರ್ ಬೆರಳೆತ್ತುವ ಹೊತ್ತಿಗೆ ಎಂಟು ಹತ್ತು ಸೆಕೆಂಡ್ ಬೇಕು. ಸಂಭ್ರಮಕ್ಕೆ ನಾಲ್ಕೈದು. ನಿಧಾನಗತಿಯ ರೀಪ್ಲೇಗೆ ಆರೇಳು. ಎಲ್ಲ ಸೇರಿದರೆ ಒಂದು ವಿಕೆಟ್‌ಗೆ ಸುಮಾರು 20 ಸೆಕೆಂಡ್, ಹತ್ತಕ್ಕೆ 200. ಉಳಿಯುವುದು 100 ಸೆಕೆಂಡ್ ಮಾತ್ರ. ಎಲ್ಲ ವಿಕೆಟ್‌ಗೂ ಸಮಪಾಲು ಕೊಟ್ಟರೆ ಬ್ಯಾಟಿಂಗ್‌ಗೆ ಜಾಗವಿರುವುದಿಲ್ಲ, ಎಲ್ಲವೂ ಒಂದೇ ತಾಳದಲ್ಲಿ ಸಾಗಿ ಆರನೆಯ ವಿಕೆಟ್ ಹೊತ್ತಿಗೆ ನೋಡುವವರ ಕಣ್ಣು ಬೇರೆಡೆ ಹೋಗುತ್ತದೆ. ನಾನು ಹಂಚುವುದಾದರೆ ಹೀಗೆ ಹಂಚುತ್ತೇನೆ: ಗುರಿ ತಿಳಿಸುವ ಪ್ಲೇಟ್‌ಗೆ 10 ಸೆಕೆಂಡ್, ಆರಂಭದ ಜೊತೆಯಾಟಕ್ಕೆ 35, ಮೊದಲ ಎರಡು ವಿಕೆಟ್‌ಗೆ 45, ಮುಂದಿನೆರಡಕ್ಕೆ 40, ಐದು ಮತ್ತು ಆರನೆಯದಕ್ಕೆ 35. ಮಲಿಕ್–ಅಕ್ರಂ ಆಟಕ್ಕೆ 30, ಮಲಿಕ್ ವಿಕೆಟ್‌ಗೆ 20. ಎಂಟು, ಒಂಬತ್ತಕ್ಕೆ ಸೇರಿ 25. ಶ್ರೀನಾಥ್ ಅವರ ಒಂದು ಓವರ್‌ಗೆ 20. ಹತ್ತನೆಯದಕ್ಕೆ 28. ಕೊನೆಯ ಪ್ಲೇಟ್‌ಗೆ 12. ಒಟ್ಟು 300.

ಆರಂಭದ ಭಾಗ ಕಾಗದದ ಮೇಲೆ ಹೀಗೆ ಕಾಣುತ್ತದೆ.

ಗ್ರಾಫಿಕ್: ಪೂರ್ಣ ಪರದೆ. ಭಾರತ 252 ಮತ್ತು 339. ಪಾಕಿಸ್ತಾನ 172. ಗೆಲ್ಲಲು 420.
ಧ್ವನಿ: ನಾಲ್ಕನೆಯ ದಿನ. ಪಾಕಿಸ್ತಾನದ ಮುಂದೆ 420ರ ಗುರಿ. ಆದರೆ ಆರಂಭ ನೋಡಿದರೆ ಅದು ದೂರವೆನಿಸುತ್ತಿಲ್ಲ.
ಚಿತ್ರ: ಅಫ್ರಿದಿ ಮತ್ತು ಅನ್ವರ್ ಅವರ ನಾಲ್ಕು ಬೌಂಡರಿಗಳು. ಧ್ವನಿ ಇಲ್ಲ, ಬ್ಯಾಟಿನ ಸದ್ದು ಮಾತ್ರ.
ಗ್ರಾಫಿಕ್: ಕೆಳಪಟ್ಟಿ. ಪಾಕಿಸ್ತಾನ 101/0.
ಧ್ವನಿ: ಊಟದ ನಂತರ ಕುಂಬ್ಳೆಗೆ ತುದಿ ಬದಲಾಗಿದೆ. ಈಗ ಪೆವಿಲಿಯನ್ ಕಡೆಯಿಂದ.

ಇಲ್ಲಿ ವಿವರಣೆಯ ಸಾಲುಗಳು ಚಿಕ್ಕವಿರುವುದಕ್ಕೆ ಕಾರಣವಿದೆ. ಸ್ಪಷ್ಟವಾಗಿ, ಅವಸರವಿಲ್ಲದೆ ಓದಿದರೆ ಕನ್ನಡದಲ್ಲಿ ಹತ್ತು ಸೆಕೆಂಡ್‌ಗೆ ಸುಮಾರು ಹದಿನೈದು ಪದ ಹಿಡಿಯುತ್ತವೆ. ಅದಕ್ಕಿಂತ ಹೆಚ್ಚು ಬರೆದರೆ ಓದುವವರು ಓಡಬೇಕಾಗುತ್ತದೆ, ಇಲ್ಲವೇ ಮಾತು ಮುಂದಿನ ಎಸೆತದ ಮೇಲೆ ಬೀಳುತ್ತದೆ. ಚೆಂಡು ಬೌಲರ್‌ನ ಕೈ ಬಿಟ್ಟ ಕ್ಷಣದಿಂದ ಫಲಿತಾಂಶ ಕಾಣುವವರೆಗೆ ಮಾತಿರಬಾರದು. ಆ ಹೊತ್ತು ಮೈದಾನಕ್ಕೆ ಸೇರಿದ್ದು. ಚೆಂಡು ಪ್ಯಾಡ್‌ಗೆ ಬಡಿದ ಸದ್ದು, ಹತ್ತಿರ ನಿಂತವರ ಕೂಗು, ಜನರ ಗದ್ದಲ ಇವನ್ನು ಯಾವ ಮಾತೂ ತುಂಬಲಾರದು.

ಕನ್ನಡದ ಜಾಯಮಾನವೂ ಇಲ್ಲಿ ನೆರವಿಗೆ ಬರುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಬ್ಯಾಟಿನ ಒಳ ಅಂಚಿಗೆ ತಗುಲಿದ ಚೆಂಡು ಸ್ಟಂಪ್‌ಗೆ’ ಎಂಬಲ್ಲಿಗೆ ಮಾತು ಬಂದಾಗ ಬೇಲ್ಸ್ ಹಾರುತ್ತಿದ್ದರೆ ‘ಬಡಿದಿದೆ’ ಎಂಬ ಕೊನೆಯ ಪದ ಬೇಕಾಗಿಯೇ ಇಲ್ಲ. ಚಿತ್ರವೇ ವಾಕ್ಯವನ್ನು ಮುಗಿಸುತ್ತದೆ. ಅನುಭವಿ ಬರಹಗಾರರು ರೀಪ್ಲೇಯ ಮೇಲಿನ ಸಾಲುಗಳನ್ನು ಹೀಗೆಯೇ ಅರ್ಧಕ್ಕೆ ನಿಲ್ಲಿಸಿ ಬರೆಯುತ್ತಾರೆ. ಇಂಗ್ಲಿಷ್ ವಿವರಣೆಯನ್ನು ಪದಕ್ಕೆ ಪದ ಕನ್ನಡಕ್ಕೆ ತಂದವರು ಎಡವುವುದೂ ಇಲ್ಲೇ. ಅವರ ಸಾಲಿನಲ್ಲಿ ‘ಔಟ್’ ಮೊದಲೇ ಬಂದುಬಿಡುತ್ತದೆ, ಚಿತ್ರ ಹಿಂದೆ ಉಳಿಯುತ್ತದೆ.

ರೀಪ್ಲೇ ಎಲ್ಲಿ ಬೇಕು ಎಂಬುದು ಅತಿ ಹೆಚ್ಚು ವಿವೇಚನೆ ಬೇಡುವ ಕೆಲಸ. ನೋಡುವವರ ಮನಸ್ಸಿನಲ್ಲಿ ಪ್ರಶ್ನೆ ಎದ್ದಿದ್ದರೆ ಮಾತ್ರ ರೀಪ್ಲೇ ಹಾಕಬೇಕು. ಮೊದಲ ವಿಕೆಟ್ ಅಫ್ರಿದಿ ಅವರದು. 41 ರನ್ ಗಳಿಸಿದ್ದ ಅವರು ವಿಕೆಟ್ ಕೀಪರ್ ನಯನ್ ಮೊಂಗಿಯಾಗೆ ಕ್ಯಾಚಿತ್ತರೆಂದು ತೀರ್ಪು ಬಂತು. ಚೆಂಡು ಬ್ಯಾಟ್‌ಗೆ ತಗುಲಿತೇ ಇಲ್ಲವೇ ಎಂಬುದು ಯಾರಿಗೂ ಏಳುವ ಪ್ರಶ್ನೆ. ಇಲ್ಲಿ ರೀಪ್ಲೇ ಕಡ್ಡಾಯ, ಬೇಕಾದರೆ ಎರಡು ಕೋನದಿಂದ. ಅದನ್ನು ತೋರಿಸುವಾಗ ವಿವರಣೆಕಾರ ತೀರ್ಪು ಕೊಡಬಾರದು. ‘ಅಂಪೈರ್ ಜಯಪ್ರಕಾಶ್ ಅವರಿಗೆ ಸಂಶಯವಿಲ್ಲ’ ಎಂಬಷ್ಟೇ ಸಾಲು ಸಾಕು. ಕರ್ನಾಟಕದವರೇ ಆದ ಎ.ವಿ. ಜಯಪ್ರಕಾಶ್ ನಿಂತಿದ್ದ ತುದಿಯಿಂದಲೇ ಕುಂಬ್ಳೆ ಅಂದು ಹತ್ತೂ ವಿಕೆಟ್ ಪಡೆದರು.

ಮುಂದಿನ ಎಸೆತದಲ್ಲೇ ಇಜಾಜ್ ಅಹ್ಮದ್ ಎಲ್‌ಬಿಡಬ್ಲ್ಯು. ಇವೆರಡರ ನಡುವೆ ರೀಪ್ಲೇ ತುರುಕಿದರೆ ಎರಡು ಎಸೆತಗಳಲ್ಲಿ ಎರಡು ವಿಕೆಟ್ ಎಂಬುದು ಅರಿವಿಗೇ ಬರುವುದಿಲ್ಲ. ಆದ್ದರಿಂದ ಅಫ್ರಿದಿಯ ರೀಪ್ಲೇಯನ್ನು ತಡೆಹಿಡಿದು, ಎರಡೂ ವಿಕೆಟ್ ನೇರವಾಗಿ ತೋರಿಸಿ, ಬಳಿಕ ಎರಡೂ ರೀಪ್ಲೇಗಳನ್ನು ಒಟ್ಟಿಗೆ ಹಾಕಬೇಕು.

ಚಿತ್ರ: ಅಫ್ರಿದಿ ಔಟ್, ಹಿಂದೆಯೇ ಇಜಾಜ್ ಕ್ರೀಸ್‌ಗೆ. ನೇರವಾಗಿ ಮುಂದಿನ ಎಸೆತ.
ಧ್ವನಿ (ಬೆರಳೆತ್ತಿದ ಮೇಲೆ): ಎರಡು ಎಸೆತ, ಎರಡು ವಿಕೆಟ್.
ವೈಪ್. ರೀಪ್ಲೇ 1: ಅಫ್ರಿದಿ, ಪಕ್ಕದ ಕೋನ. ರೀಪ್ಲೇ 2: ಇಜಾಜ್, ಬೌಲರ್ ಹಿಂದಿನಿಂದ. ವೈಪ್.
ಗ್ರಾಫಿಕ್: ಕೆಳಪಟ್ಟಿ. ಪಾಕಿಸ್ತಾನ 101/2. ಕುಂಬ್ಳೆ 2.

ವೈಪ್ ಎಂದರೆ ಪರದೆಯ ಮೇಲೆ ಲಾಂಛನವೊಂದು ಹಾದುಹೋಗುವ ಆ ಚಿಕ್ಕ ಚಲನೆ. ಅಲಂಕಾರಕ್ಕೆಂದು ಹಾಕಿದ್ದು ಎಂದು ಅದನ್ನು ಎಡಿಟರ್ ತೆಗೆದರೆ ಅಪಾಯ. ಈಗ ಕಾಣುತ್ತಿರುವುದು ಹಳೆಯ ಎಸೆತ, ಹೊಸದಲ್ಲ ಎಂದು ನೋಡುವವರಿಗೆ ತಿಳಿಸುವುದು ಅದೊಂದೇ. ಕುಂಬ್ಳೆಯ ಹತ್ತರಲ್ಲಿ ಮೂರು ಎಲ್‌ಬಿಡಬ್ಲ್ಯು: ಇಜಾಜ್, ಯೂಸುಫ್ ಯೊಹಾನಾ, ಸಕ್ಲೇನ್ ಮುಷ್ತಾಕ್. ಮೂವರೂ ಸೊನ್ನೆಗೆ ಔಟಾದವರು. ಬೌಲರ್ ಅದೇ, ತುದಿ ಅದೇ, ಅಂಪೈರ್ ಅದೇ. ವೈಪ್ ಇಲ್ಲದೆ ಇವುಗಳ ರೀಪ್ಲೇ ಬಂದರೆ ಯಾರದು ಯಾವುದೆಂದು ಗೊತ್ತಾಗದು.

ಮೂರನೆಯದಾದ ಇಂಜಮಾಮ್ ಉಲ್ ಹಕ್ ಅವರ ವಿಕೆಟ್‌ಗೆ ರೀಪ್ಲೇ ಬೇಕು. ಚೆಂಡು ಬ್ಯಾಟಿನ ಅಂಚಿಗೆ ತಾಗಿ ಸ್ಟಂಪ್‌ಗೆ ಹೋದದ್ದು ಸಾಮಾನ್ಯ ವೇಗದಲ್ಲಿ ಕಾಣುವುದು ಕಷ್ಟ. ಮೊಯಿನ್ ಖಾನ್ ಅವರ ಕ್ಯಾಚನ್ನು ಸೌರವ್ ಗಂಗೂಲಿ ಸ್ಲಿಪ್‌ನಲ್ಲಿ ನೆಲದ ಹತ್ತಿರ ಹಿಡಿದರು, ಅದಕ್ಕೂ ಬೇಕು. 69 ರನ್ ಗಳಿಸಿದ್ದ ಅನ್ವರ್ ಆರನೆಯವರಾಗಿ ಶಾರ್ಟ್ ಲೆಗ್‌ನಲ್ಲಿ ಲಕ್ಷ್ಮಣ್‌ಗೆ ಕ್ಯಾಚಿತ್ತಾಗ ನನಗೆ ರೀಪ್ಲೇಗಿಂತ ಅನ್ವರ್ ಮುಖ ಮುಖ್ಯವೆನಿಸುತ್ತದೆ. ಆ ಇನಿಂಗ್ಸ್‌ನ ಆಧಾರವಾಗಿದ್ದವರು ಅವರೇ. ಇನ್ನೊಂದು ಕೋನ ತೋರಿಸುವ ಬದಲು ಅವರು ಪೆವಿಲಿಯನ್ ಕಡೆ ನಡೆಯುವ ನಾಲ್ಕು ಸೆಕೆಂಡ್ ಇಡುವುದು ಲೇಸು. ಕೆಳಪಟ್ಟಿಯಲ್ಲಿ 128/6, ಪಕ್ಕದಲ್ಲಿ ಕುಂಬ್ಳೆ 6. ಆ ಎರಡು ಆರುಗಳನ್ನು ಒಂದೇ ಪರದೆಯಲ್ಲಿ ನೋಡಿದಾಗಲೇ ‘ಇನ್ನೂ ಬೇರೆ ಯಾರಿಗೂ ವಿಕೆಟ್ ಸಿಕ್ಕಿಲ್ಲ’ ಎಂಬುದು ಹೊಳೆಯುತ್ತದೆ. ಇದನ್ನು ಮಾತಿನಲ್ಲಿ ಹೇಳಬಾರದು, ಅಂಕಿಗೇ ಬಿಡಬೇಕು.

ಸ್ಕೋರ್ ಗ್ರಾಫಿಕ್‌ನದೇ ದೊಡ್ಡ ಕಷ್ಟ. ನೇರ ಪ್ರಸಾರದಲ್ಲಿ ಸ್ಕೋರ್ ಪಟ್ಟಿಯ ಅಂಕಿ ಬದಲಾಗುವುದು ಎಸೆತ ಮುಗಿದ ಒಂದೆರಡು ಸೆಕೆಂಡ್ ನಂತರ. ತುಣುಕನ್ನು ಬೇಗ ಕತ್ತರಿಸಿದರೆ ವಿಕೆಟ್ ಬಿದ್ದಿದೆ, ಪಟ್ಟಿಯಲ್ಲಿ ಇನ್ನೂ ಹಳೆಯ ಅಂಕಿ. ಹಳೆಯ ಪಂದ್ಯಗಳಲ್ಲಿ ಪಟ್ಟಿ ಚಿತ್ರದೊಳಗೇ ಅಚ್ಚಾಗಿದ್ದರೆ ಅದನ್ನು ತೆಗೆಯಲಾಗದು. ಅದರ ಮೇಲೆ ಹೊಸ ಪಟ್ಟಿ ಹಾಕಿದರೆ ಒಂದರಲ್ಲಿ 115/3, ಇನ್ನೊಂದರಲ್ಲಿ 115/4 ಒಟ್ಟಿಗೆ ಕಾಣುವ ಫಜೀತಿ. ಗ್ರಾಫಿಕ್ ಇಲ್ಲದ ಚಿತ್ರವನ್ನು ಬೇರೆಯಾಗಿ ಉಳಿಸಿಟ್ಟಿದ್ದರೆ ಅದನ್ನೇ ಬಳಸಬೇಕು. ಇಲ್ಲದಿದ್ದರೆ ಹಳೆಯ ಪಟ್ಟಿಯನ್ನೇ ನಂಬಿ, ಹೊಸ ಗ್ರಾಫಿಕ್ಕನ್ನು ಎರಡು ತುಣುಕುಗಳ ನಡುವಿನ ಪೂರ್ಣ ಪರದೆಗೆ ಸೀಮಿತಗೊಳಿಸಬೇಕು. ಇದನ್ನೆಲ್ಲ ಸ್ಕ್ರಿಪ್ಟ್‌ನಲ್ಲಿ ಟೈಮ್‌ಕೋಡ್ ಹಾಕಿ ಬರೆಯುತ್ತಾರೆ. `00:02:41:12` ಎಂದರೆ ಎರಡು ನಿಮಿಷ, ನಲವತ್ತೊಂದು ಸೆಕೆಂಡ್, ಹನ್ನೆರಡನೆಯ ಫ್ರೇಮ್. ನಮ್ಮ ಟಿ.ವಿ. ಪದ್ಧತಿಯಲ್ಲಿ ಸೆಕೆಂಡ್‌ಗೆ 25 ಫ್ರೇಮ್. ಗ್ರಾಫಿಕ್ ಹತ್ತು ಹನ್ನೆರಡು ಫ್ರೇಮ್ ಮೊದಲೇ ಬಂದರೂ ಸಾಕು, ಅಂಪೈರ್ ಬೆರಳೆತ್ತುವ ಮೊದಲೇ ಪಟ್ಟಿ ಗುಟ್ಟು ಬಿಟ್ಟುಕೊಟ್ಟಿರುತ್ತದೆ. ಸಿದ್ಧವಾದ ರೀಲ್ ಪರೀಕ್ಷಿಸುವವರು ಒಮ್ಮೆ ಸದ್ದಿಲ್ಲದೆ, ಪಟ್ಟಿಯ ಮೇಲಷ್ಟೇ ಕಣ್ಣಿಟ್ಟು ನೋಡುವುದು ಇದಕ್ಕಾಗಿಯೇ. ಅಂಕಿ ಎಲ್ಲಾದರೂ ಹಿಂದಕ್ಕೆ ಹೋದರೆ ಯಾವುದೋ ತುಣುಕು ಸ್ಥಾನ ತಪ್ಪಿದೆ ಎಂದರ್ಥ.

ಇನ್ನೊಂದು ಆಸೆಯನ್ನು ತಡೆದುಕೊಳ್ಳಬೇಕು. ಚೆಂಡು ಸ್ಟಂಪ್‌ಗೆ ಬಡಿಯುತ್ತಿತ್ತೇ ಎಂದು ಗೆರೆ ಎಳೆದು ತೋರಿಸುವ ಹಾಕ್-ಐ ಟಿ.ವಿ. ಕ್ರಿಕೆಟ್‌ಗೆ ಬಂದದ್ದು 2001ರಲ್ಲಿ. 1999ರ ಎಲ್‌ಬಿಡಬ್ಲ್ಯು ಮೇಲೆ ಇಂದು ಅಂಥ ಗೆರೆ ಎಳೆದರೆ ಅದು ಅಳತೆಯಲ್ಲ, ಊಹೆ. ನೋಡುವವರು ಮಾತ್ರ ಅದನ್ನು ಪುರಾವೆ ಎಂದೇ ತಿಳಿಯುತ್ತಾರೆ.

ಆರು ವಿಕೆಟ್ ಬಿದ್ದ ಮೇಲೆ ಪ್ರತಿ ಎಡಿಟರ್‌ಗೂ ಏಳನೆಯದಕ್ಕೆ ಜಿಗಿಯುವ ಅವಸರ. ಇಲ್ಲೇ ನಿಲ್ಲಬೇಕು. ಮಲಿಕ್ ಮತ್ತು ಅಕ್ರಂ ಕುಂಬ್ಳೆಯನ್ನು ತಡೆದು ನಿಂತ ಭಾಗಕ್ಕೆ ನಾನು ಇಟ್ಟಿರುವುದು 30 ಸೆಕೆಂಡ್. ಅದರಲ್ಲಿ ಎರಡು ಬೌಂಡರಿ ಇರಲಿ, ಉಳಿದದ್ದು ಬ್ಯಾಟಿಗೆ ತಾಗದೆ ಹೋದ ಎಸೆತಗಳು, ಫಲ ಕಾಣದ ಮನವಿಗಳು, ಓವರ್ ಮುಗಿಸಿ ಟೋಪಿ ತೆಗೆದುಕೊಳ್ಳುವ ಬೌಲರ್. ಕುಂಬ್ಳೆ ಅಂದು ಮಾಡಿದ್ದು 26.3 ಓವರ್, ಅಂದರೆ 159 ಎಸೆತ. ಅವುಗಳಲ್ಲಿ 149ರಲ್ಲಿ ವಿಕೆಟ್ ಬೀಳಲಿಲ್ಲ. ಆ ದುಡಿಮೆಯನ್ನು ತೋರಿಸಲು ರೀಲ್‌ನಲ್ಲಿ ಇದೊಂದೇ ಜಾಗ. ಜನರ ಸದ್ದನ್ನು ಇಲ್ಲಿ ಪೂರ್ತಿ ಕತ್ತರಿಸದೆ ಒಂದೇ ಸಮನೆ ಕೆಳಗೆ ಹರಿಯಲು ಬಿಡಬೇಕು. ಇಲ್ಲದಿದ್ದರೆ ಪ್ರತಿ ತುಣುಕಿಗೂ ಗದ್ದಲ ಏಕಾಏಕಿ ಎದ್ದು ಏಕಾಏಕಿ ಸತ್ತು, ಕಿವಿಗೆ ಕಿರಿಕಿರಿಯಾಗುತ್ತದೆ. ಬಳಿಕ ಮಲಿಕ್ ಬೌಲ್ಡ್. ಮೊತ್ತ 186.

198ರಲ್ಲಿ ಮುಷ್ತಾಕ್ ಅಹ್ಮದ್ ಅವರನ್ನು ರಾಹುಲ್ ದ್ರಾವಿಡ್ ಕ್ಯಾಚ್ ಹಿಡಿದರು. ಮರು ಎಸೆತಕ್ಕೆ ಸಕ್ಲೇನ್. ಮೊದಲೆರಡು ವಿಕೆಟ್‌ನಂತೆಯೇ ಇವೂ ಜೋಡಿ. ಆದರೆ ಈ ಬಾರಿ ರೀಪ್ಲೇ ಬೇಡ, ಬೇಗ ದಾಟಬೇಕು. ಮುಂದೆ ಬರುವುದು ಜಾವಗಲ್ ಶ್ರೀನಾಥ್ ಅವರ ಓವರ್. ಒಂದೂ ವಿಕೆಟ್ ಬೀಳದ ಓವರ್.

ಈ ಓವರ್ ಬಿಟ್ಟ ರೀಲ್‌ಗಳೇ ಹೆಚ್ಚು. ಸ್ಕೋರ್‌ಕಾರ್ಡ್ ನೋಡಿ ಕತ್ತರಿಸುವವರಿಗೆ ಅಲ್ಲಿ ಏನೂ ಕಾಣುವುದಿಲ್ಲ. ಆದರೆ ಆ ದಿನದ ಅತ್ಯಂತ ದೊಡ್ಡ ಮನಸ್ಸಿನ ಆರು ಎಸೆತಗಳು ಅಲ್ಲೇ ಇವೆ. ಇನ್ನೊಂದೇ ವಿಕೆಟ್ ಬಾಕಿ. ಅದು ಕುಂಬ್ಳೆಗೇ ಸಿಗಲಿ ಎಂದು ಶ್ರೀನಾಥ್ ಚೆಂಡನ್ನು ಬೇಕೆಂದೇ ಆಫ್ ಸ್ಟಂಪ್‌ನಿಂದ ದೂರ ದೂರ ಎಸೆದರು. ವೇಗದ ಬೌಲರ್ ಒಬ್ಬ ಹನ್ನೊಂದನೆಯ ಆಟಗಾರ ಎದುರಿಗಿರುವ ಹೊತ್ತಿನಲ್ಲಿ ವಿಕೆಟ್ ಬೇಡವೆಂದು ಬೌಲ್ ಮಾಡುವುದು ಎಲ್ಲಿ ನೋಡಸಿಗುತ್ತದೆ?

ಚಿತ್ರ: ಶ್ರೀನಾಥ್ ಓಟ. ಆಫ್ ಸ್ಟಂಪ್ ಆಚೆ ಎಸೆತ. ಮೊಂಗಿಯಾ ಬದಿಗೆ ಸರಿದು ಹಿಡಿಯುತ್ತಾರೆ. ಇನ್ನೆರಡು ಎಸೆತ, ಹಾಗೆಯೇ.
ಧ್ವನಿ: ಶ್ರೀನಾಥ್‌ಗೆ ಈ ವಿಕೆಟ್ ಬೇಡ.
ಗ್ರಾಫಿಕ್: ಇಲ್ಲ. ರೀಪ್ಲೇ: ಇಲ್ಲ.

ಮುಂದಿನ ಓವರ್‌ನ ಮೂರನೆಯ ಎಸೆತ. ಬ್ಯಾಟಿಂಗ್‌ನಲ್ಲಿ ಅಕ್ರಂ, 37 ರನ್. ಓಟದ ಮೊದಲ ಹೆಜ್ಜೆಯಿಂದಲೇ ತುಣುಕು ಶುರುವಾಗಬೇಕು, ಚೆಂಡು ಬಿಡುವಲ್ಲಿಂದ ಅಲ್ಲ. ಶಾರ್ಟ್ ಲೆಗ್‌ನಲ್ಲಿ ಲಕ್ಷ್ಮಣ್ ಕೈಗೆ ಕ್ಯಾಚ್. ಸಂಭ್ರಮವನ್ನು ಕತ್ತರಿಸದೆ ಪೂರ್ತಿ ಬಿಡಬೇಕು. ವಿವರಣೆಗೆ ಎರಡೇ ಪದ: ‘ಹತ್ತಕ್ಕೆ ಹತ್ತು.’ ಅದೂ ಕೂಗಾಟ ಸ್ವಲ್ಪ ಇಳಿದ ಮೇಲೆ. ರೀಪ್ಲೇ ಒಂದೇ, ಅದೂ ಸಂಭ್ರಮದ ನಂತರ. ಆಮೇಲೆ ಪೂರ್ಣ ಪರದೆ: ಪಾಕಿಸ್ತಾನ 207. ಭಾರತಕ್ಕೆ 212 ರನ್‌ಗಳ ಜಯ. ಕುಂಬ್ಳೆ 26.3-9-74-10. ಇಂಗ್ಲೆಂಡಿನ ಜಿಮ್ ಲೇಕರ್ 1956ರಲ್ಲಿ 53 ರನ್‌ಗೆ ಹತ್ತು ವಿಕೆಟ್ ಪಡೆದಿದ್ದರೆಂಬ ಸಾಲೊಂದು ಕೆಳಗಿರಲಿ. 12 ಸೆಕೆಂಡ್ ಹಾಗೇ ನಿಲ್ಲಲಿ. ಅಷ್ಟು ಅಂಕಿಗಳನ್ನು ಓದಿಕೊಳ್ಳಲು ಅಷ್ಟು ಹೊತ್ತು ಬೇಕೇ ಬೇಕು.

ಈಗ ಮೊಬೈಲ್‌ಗಾಗಿ ಇದೇ ರೀಲ್ ಒಂದು ನಿಮಿಷಕ್ಕೆ ಇಳಿಯಬೇಕೆಂದು ಕೇಳುವವರು ಹೆಚ್ಚು. ಆಗ ನಾನು ಮೊದಲು ಕೈಬಿಡುವುದು ಏಳು ಮತ್ತು ಎಂಟನೆಯ ವಿಕೆಟ್‌ಗಳನ್ನು, ನಂತರ ಎಲ್ಲ ರೀಪ್ಲೇಗಳನ್ನು, ಆಮೇಲೆ ಮೊಯಿನ್ ಮತ್ತು ಯೊಹಾನಾ ಅವರನ್ನು. ನಿಂತ ಪರದೆಗೆ ಚಿತ್ರವನ್ನು ಹೊಂದಿಸುವಾಗ ಎಡ ಬಲ ಕತ್ತರಿಸಿ ಶಾರ್ಟ್ ಲೆಗ್‌ನ ಲಕ್ಷ್ಮಣ್ ಮಾಯವಾಗದಂತೆ ನೋಡಿಕೊಳ್ಳಬೇಕು. 101/0 ಎಂಬ ಪಟ್ಟಿ ಮತ್ತು ಶ್ರೀನಾಥ್ ಅವರ ಎರಡು ಎಸೆತಗಳನ್ನು ಮಾತ್ರ ಎಷ್ಟೇ ಚಿಕ್ಕದಾದರೂ ತೆಗೆಯಬೇಡಿ.